ಐದು ಮಣಿ, ಹದಿನೇಳು ಸೂತ್ರ: ಪಡಸಾಲೆಯ ಅಬ್ಯಾಕಸ್ ಕ್ಲಾಸಿನಲ್ಲಿ ನಡೆಯುವುದೇನು?

ಸಂಜೆ ಐದೂವರೆಯ ಹೊತ್ತು. ಮುರಗೋಡದಂಥ ಊರಿನ ಒಂದು ಓಣಿ. ಮನೆಯ ಕಟ್ಟೆಯ ಮುಂದೆ ಹತ್ತು ಹನ್ನೆರಡು ಜೊತೆ ಸಣ್ಣ ಚಪ್ಪಲಿ ಬಿದ್ದಿವೆ. ಒಳಗೆ ಪಡಸಾಲೆಯಲ್ಲಿ ಚಾಪೆ ಹಾಸಿದ್ದಾರೆ. ಮಕ್ಕಳ ಮುಂದೆ ಒಂದೊಂದು ಉದ್ದನೆಯ ಚೌಕಟ್ಟು, ಅದರ ತುಂಬ ಕಡ್ಡಿ, ಕಡ್ಡಿಯ ತುಂಬ ಮಣಿ. ಅಕ್ಕೋರು ನಿಂತುಕೊಂಡು ಓದುತ್ತಾರೆ: "ಹನ್ನೆರಡು, ಕೂಡಿಸ್ರಿ ಇಪ್ಪತ್ಮೂರು, ಕಳೀರಿ ಹದಿನಾಲ್ಕು, ಕೂಡಿಸ್ರಿ ನಲವತ್ತು." ಮಣಿಗಳ ಟಕಟಕ ಸದ್ದು ನಿಲ್ಲುತ್ತಲೇ ನಾಲ್ಕಾರು ಕೈ ಮೇಲೇಳುತ್ತವೆ. ಅರವತ್ತೊಂದು!

ಮೂಲೆಯಲ್ಲಿ ಕುಳಿತ ಇಬ್ಬರು ದೊಡ್ಡ ಮಕ್ಕಳ ಮುಂದೆ ಚೌಕಟ್ಟೇ ಇಲ್ಲ. ಅವರು ಗಾಳಿಯಲ್ಲಿ ಹೆಬ್ಬೆರಳು, ತೋರುಬೆರಳು ಆಡಿಸುತ್ತಾರೆ, ಉತ್ತರ ಹೇಳುತ್ತಾರೆ. ಕರೆದುಕೊಂಡು ಹೋಗಲು ಬಂದ ತಾಯಿಗೆ ಆತಂಕ ಹುಟ್ಟುವುದು ಇದನ್ನು ಕಂಡಾಗಲೇ. "ಅಕ್ಕೋರ, ಇವ ಮನ್ಯಾಗೂ ಹಿಂಗ ಬೆರಳ ಆಡಸ್ತಾನ್ರಿ, ಬಿಡಸ್ರಿ ಅದನ್ನ." ಅಕ್ಕೋರ ಉತ್ತರ: "ಆಡಸ್ಲಿ ಬಿಡ್ರಿ ವೈನಿ, ಅದ ಅವಗ ಲೆಕ್ಕಾ."

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮಗುವನ್ನು ಅಬ್ಯಾಕಸ್ಸಿಗೆ ಹಾಕಿದ್ದೇವೆ ಎನ್ನುವ ಪಾಲಕರು ಈಗ ಸಿಗುತ್ತಾರೆ. ಆ ಬೆರಳಾಟದ ಒಳಗೆ ಏನು ನಡೆಯುತ್ತದೆ, ಅದು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಂಪನಿಯ ಕರಪತ್ರ ಹೇಳುವುದಿಲ್ಲ.

ಒಂದು ಕಡ್ಡಿ, ಐದು ಮಣಿ

ಮೊದಲು ಎರಡು ಅಬ್ಯಾಕಸ್ಸುಗಳನ್ನು ಬೇರೆ ಮಾಡಿಕೊಳ್ಳಬೇಕು. ಸರಕಾರಿ ಶಾಲೆಗಳಿಗೆ ಅಕ್ಷರ ಫೌಂಡೇಶನ್ನಿನ 'ಗಣಿತ ಕಲಿಕಾ ಆಂದೋಲನ'ದ ಮೂಲಕ ಬಂದ ಸಾಮಗ್ರಿಗಳಲ್ಲೂ ಅಬ್ಯಾಕಸ್ ಇದೆ. ಅದು ಸ್ಥಾನಬೆಲೆ ಕಲಿಸುವ ಸಾಧನ: ಬಿಡಿಯ ಕಡ್ಡಿಗೆ ಹತ್ತು ಮಣಿ ಆದರೆ ತೆಗೆದು ಹತ್ತರ ಕಡ್ಡಿಗೆ ಒಂದು ಹಾಕು. ಹತ್ತು, ನೂರು ಅಂದರೇನು ಎಂಬುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ. ವೇಗದ ಲೆಕ್ಕ ಅದರ ಉದ್ದೇಶವಲ್ಲ.

ಪಡಸಾಲೆಯ ಕ್ಲಾಸಿನಲ್ಲಿ ಇರುವುದು ಜಪಾನಿನ ಸೊರೊಬಾನ್. ಚೌಕಟ್ಟಿನ ನಡುವೆ ಅಡ್ಡಪಟ್ಟಿ. ಪ್ರತಿ ಕಡ್ಡಿಗೆ ಪಟ್ಟಿಯ ಮೇಲೆ ಒಂದು ಮಣಿ, ಕೆಳಗೆ ನಾಲ್ಕು. ಮೇಲಿನದರ ಬೆಲೆ ಐದು, ಕೆಳಗಿನ ಒಂದೊಂದರ ಬೆಲೆ ಒಂದು. ಪಟ್ಟಿಗೆ ತಾಗಿದ ಮಣಿ ಲೆಕ್ಕಕ್ಕೆ ಬರುತ್ತದೆ, ದೂರ ಇದ್ದದ್ದು ಬರುವುದಿಲ್ಲ. ಎಂಟು ಅಂದರೆ ಮೇಲಿನ ಮಣಿ ಕೆಳಕ್ಕೆ, ಕೆಳಗಿನ ಮೂರು ಮೇಲಕ್ಕೆ. ಹೀಗೆ ಒಂದು ಕಡ್ಡಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಮಾತ್ರ ಜಾಗ. ಚೀನಾದ ಹಳೆಯ ಚೌಕಟ್ಟಿನಲ್ಲಿ ಮೇಲೆ ಎರಡು, ಕೆಳಗೆ ಐದು ಮಣಿ ಇರುತ್ತಿದ್ದವು. ಜಪಾನಿನವರು ಹೆಚ್ಚಿನ ಮಣಿಗಳನ್ನು ತೆಗೆದುಹಾಕಿದರು. ಮಣಿ ಕಡಿಮೆಯಾದದ್ದರಿಂದ ಒಂದು ಅಂಕಿಗೆ ಒಂದೇ ಚಿತ್ರ ಉಳಿಯಿತು. ಮುಂದೆ ಕಣ್ಣು ಮುಚ್ಚಿ ಲೆಕ್ಕ ಮಾಡಲು ಆಗುವುದು ಇದರಿಂದಲೇ.

ಬೆರಳಿಗೂ ಶಿಸ್ತು ಇದೆ. ಕೆಳಗಿನ ಮಣಿಯನ್ನು ಏರಿಸುವುದು ಹೆಬ್ಬೆರಳು. ಇಳಿಸುವುದು ತೋರುಬೆರಳು, ಮೇಲಿನ ಐದರ ಮಣಿಯನ್ನು ಎರಡೂ ಕಡೆ ಸರಿಸುವುದೂ ಅದೇ. ಮೊದಲ ತಿಂಗಳು ಅಕ್ಕೋರು ಇದಕ್ಕೇ ಜೀವ ತೇಯುವುದನ್ನು ಕಂಡು ಪಾಲಕರು "ಇನ್ನೂ ಮಣಿ ಸರಿಸೋದ್ರಾಗ ಅದಾರ" ಎನ್ನುತ್ತಾರೆ. ಆದರೆ ಮುಂದೆ ಚೌಕಟ್ಟು ಹೋದ ಮೇಲೆ ಉಳಿಯುವುದು ಆ ಬೆರಳಿನ ರೂಢಿ ಮಾತ್ರ. ಅದು ಅಡ್ಡಾದಿಡ್ಡಿ ಕಲಿತರೆ ಆಮೇಲೆ ತಿದ್ದುವುದು ಬಹಳ ಕಷ್ಟ.

48ಕ್ಕೆ 37 ಕೂಡಿಸುವಾಗ

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. 48 ಇಡಬೇಕು. ಹತ್ತರ ಕಡ್ಡಿಯಲ್ಲಿ ಕೆಳಗಿನ ನಾಲ್ಕೂ ಮಣಿ ಮೇಲಕ್ಕೆ. ಬಿಡಿಯ ಕಡ್ಡಿಯಲ್ಲಿ ಐದರ ಮಣಿ ಕೆಳಕ್ಕೆ, ಒಂದರ ಮೂರು ಮಣಿ ಮೇಲಕ್ಕೆ.

ಈಗ 37 ಕೂಡಿಸಬೇಕು. ಶಾಲೆಯಲ್ಲಿ ಬಲದಿಂದ ಶುರು ಮಾಡುತ್ತೇವೆ, ಇಲ್ಲಿ ಎಡದಿಂದ. ಹತ್ತರ ಕಡ್ಡಿಗೆ ಮೂರು ಏರಿಸಬೇಕು, ಆದರೆ ಕೆಳಗೆ ಮಣಿ ಉಳಿದಿಲ್ಲ. ಆಗ ಐದು ಕೊಟ್ಟು ಎರಡು ಹಿಂದಕ್ಕೆ ತೆಗೆದುಕೊಳ್ಳಬೇಕು. ಐದರ ಮಣಿ ಇಳಿಯಿತು, ಒಂದರ ಎರಡು ಮಣಿ ಇಳಿದವು. ನಾಲ್ಕು ಇದ್ದದ್ದು ಏಳಾಯಿತು. ಮೂರು ಮತ್ತು ಎರಡು ಸೇರಿದರೆ ಐದು, ಆದ್ದರಿಂದ ಇವೆರಡೂ 'ಸ್ಮಾಲ್ ಫ್ರೆಂಡ್ಸ್', ಸಣ್ಣ ಗೆಳೆಯರು.

ಚೌಕಟ್ಟಿನಲ್ಲಿ ಈಗ 78 ಇದೆ. ಉಳಿದದ್ದು ಬಿಡಿಯ ಏಳು. ಎಂಟರ ಮೇಲೆ ಏಳು ಕೂಡಿಸಿದರೆ ಕಡ್ಡಿ ಸಾಲದು. ಹತ್ತು ಕೊಟ್ಟು ಮೂರು ತೆಗೆಯಬೇಕು. ಬಿಡಿಯ ಕಡ್ಡಿಯ ಮೂರು ಮಣಿ ಇಳಿದವು, ಐದು ಉಳಿಯಿತು. ಪಕ್ಕದ ಹತ್ತರ ಕಡ್ಡಿಗೆ ಒಂದು ಏರಿತು, ಏಳು ಎಂಟಾಯಿತು. ಉತ್ತರ 85. ಏಳು ಮತ್ತು ಮೂರು ಸೇರಿದರೆ ಹತ್ತು. ಇವು 'ಬಿಗ್ ಫ್ರೆಂಡ್ಸ್'.

ಕೂಡಿಸುವುದಕ್ಕೆ ಸಣ್ಣ ಗೆಳೆಯರ ಸೂತ್ರ ನಾಲ್ಕು, ದೊಡ್ಡ ಗೆಳೆಯರದು ಒಂಬತ್ತು. ಇವೆರಡೂ ಒಟ್ಟಿಗೆ ಬೇಕಾಗುವ ಜಾಗ ಇನ್ನೊಂದಿದೆ. ಐದಕ್ಕೆ ಆರು ಕೂಡಿಸಿ ನೋಡಿ. ಹತ್ತು ಕೊಟ್ಟು ನಾಲ್ಕು ತೆಗೆಯೋಣವೆಂದರೆ ಬಿಡಿಯ ಕಡ್ಡಿಯಲ್ಲಿ ಐದರ ಒಂದೇ ಮಣಿ ಇದೆ, ತೆಗೆಯಲು ನಾಲ್ಕು ಒಂದುಗಳಿಲ್ಲ. ಆಗ ನಾಲ್ಕು ತೆಗೆಯುವ ಬದಲು ಐದು ತೆಗೆದು ಒಂದು ಏರಿಸಬೇಕು, ಆಮೇಲೆ ಪಕ್ಕದ ಕಡ್ಡಿಗೆ ಹತ್ತು ಕೊಡಬೇಕು. ಇಂಥ ಕೂಡು-ಸೂತ್ರ ಆರು, ಏಳು, ಎಂಟು, ಒಂಬತ್ತಕ್ಕೆ ಒಂದೊಂದರಂತೆ ನಾಲ್ಕು. ಒಟ್ಟು ಹದಿನೇಳು. ಕಳೆಯುವುದಕ್ಕೆ ಇವನ್ನೇ ತಿರುಗಿಸಿದರೆ ಮತ್ತೆ ಹದಿನೇಳು. ಲೆವೆಲ್ಲು, ಪುಸ್ತಕ, ಸರ್ಟಿಫಿಕೇಟು ಎಷ್ಟೇ ಇರಲಿ, ಕೂಡುವ ಕಳೆಯುವ ಅಬ್ಯಾಕಸ್ಸಿನ ಬೀಜ ಈ ಮೂವತ್ನಾಲ್ಕೇ. ಮಕ್ಕಳು ಎಡವುವುದು, ಬೇಸತ್ತು ಬಿಡುವುದು ಬಹುತೇಕ ಆ ಕೂಡು-ಸೂತ್ರಗಳ ಹತ್ತಿರ. ಮೂರು ಚಲನೆ ಒಂದೇ ಉಸಿರಿಗೆ ಆಗಬೇಕು ಅಲ್ಲಿ.

ಗುಣಾಕಾರಕ್ಕೆ ಬಂದರೆ ಇನ್ನೊಂದು ಮಾತು. ಆರೇಳಲೆ ನಲವತ್ತೆರಡು ಎಂಬುದನ್ನು ಯಾವ ಮಣಿಯೂ ಹೇಳಿಕೊಡುವುದಿಲ್ಲ. ಅದು ಬಾಯಿಪಾಠದಿಂದಲೇ ಬರಬೇಕು. ಮಣಿ ಮಾಡುವುದು ಆ ಗುಣಲಬ್ಧಗಳನ್ನು ಸರಿಯಾದ ಕಡ್ಡಿಯಲ್ಲಿ ಕೂಡಿಸುವ ಕೆಲಸ ಮಾತ್ರ. ಅಬ್ಯಾಕಸ್ ಕಲಿತರೆ ಮಗ್ಗಿ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತಪ್ಪು ಉತ್ತರದಲ್ಲಿ ಸಿಗುವ ಸುಳಿವು

ಒಳ್ಳೆಯ ಅಕ್ಕೋರನ್ನು ಗುರುತಿಸುವುದು ಅವರು ತಪ್ಪನ್ನು ಹೇಗೆ ಓದುತ್ತಾರೆ ಎಂಬುದರಿಂದ. ಅದೇ 48 ಮತ್ತು 37ಕ್ಕೆ ಮಗು 75 ಎಂದಿತು ಅನ್ನಿ. ಹತ್ತು ಕಡಿಮೆ. ಬಿಡಿಯಲ್ಲಿ ಮೂರು ತೆಗೆದಿದೆ, ಪಕ್ಕದ ಕಡ್ಡಿಗೆ ಒಂದು ಏರಿಸಲು ಮರೆತಿದೆ. 88 ಎಂದರೆ ಹತ್ತು ಕೊಟ್ಟಿದೆ, ಮೂರು ತೆಗೆಯಲು ಮರೆತಿದೆ. 105 ಎಂದರೆ ತಪ್ಪು ಎಡದ ಕಡ್ಡಿಯಲ್ಲಿದೆ: ಐದು ಇಳಿಸಿ ಎರಡು ತೆಗೆಯದೆ ಮುಂದೆ ಹೋಗಿದೆ, ಹೀಗಾಗಿ ಇಪ್ಪತ್ತು ಹೆಚ್ಚಾಯಿತು. 86 ಬಂದರೆ ಮಗು ಎರಡು ಗೆಳೆತನಗಳನ್ನು ಕಲಸಿಕೊಂಡಿದೆ, ಮೂರು ತೆಗೆಯುವ ಕಡೆ ಎರಡು ತೆಗೆದಿದೆ. 80 ಬಂದರೆ ಸೂತ್ರ ಸರಿಯಾಗಿಯೇ ಇದೆ. ಬಿಡಿಯ ಐದರ ಮಣಿಗೆ ಬೆರಳು ತಾಗಿ ಅದು ಪಟ್ಟಿಯಿಂದ ಸರಿದುಬಿಟ್ಟಿದೆ.

ಇಷ್ಟು ನಮೂನೆಯ ತಪ್ಪಿಗೆ ಒಂದೇ ಕೆಂಪು ಗೀಟು ಹಾಕಿ "ಮತ್ತ ಮಾಡು" ಅಂದರೆ ಮಗುವಿಗೆ ದಾರಿ ಸಿಗುವುದಿಲ್ಲ. ಕೊನೆಯ ಮಗುವಿಗೆ ಬೇಕಾದದ್ದು ನಿಧಾನ, 86 ಎಂದ ಮಗುವಿಗೆ ಬೇಕಾದದ್ದು ಹತ್ತರ ಜೋಡಿಗಳನ್ನು ಇನ್ನೊಂದು ವಾರ ಬಾಯಲ್ಲಿ ಹೇಳಿಸುವುದು. ಹನ್ನೆರಡು ಮಕ್ಕಳ ಗುಂಪಿನಲ್ಲಿ ಇದು ಸಾಧ್ಯ. ಮೂವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ತುಂಬಿದಾಗ ಅಕ್ಕೋರಿಗೆ ಉತ್ತರ ಮಾತ್ರ ಕಾಣುತ್ತದೆ, ಬೆರಳು ಕಾಣುವುದಿಲ್ಲ. ಓಣಿಯ ಸಣ್ಣ ಕ್ಲಾಸಿಗೆ ಪೇಟೆಯ ದೊಡ್ಡ ಸೆಂಟರಿಗಿಂತ ಮೇಲುಗೈ ಇರುವುದು ಇಲ್ಲಿ.

ಕಣ್ಣೊಳಗಿನ ಮಣಿ

ಚೌಕಟ್ಟಿನ ಮೇಲೆ ಕೈ ಕುದುರಿದ ಮೇಲೆ ಅದನ್ನು ಸರಿಸಿಟ್ಟು ಒಂದಂಕಿಯ ಲೆಕ್ಕದಿಂದ ಮತ್ತೆ ಆರಂಭ. ಈ ಸಲ ಮಣಿಗಳು ಮನಸ್ಸಿನಲ್ಲಿ. ಗಾಳಿಯಲ್ಲಿ ಆಡುವ ಬೆರಳು ಆ ಚಿತ್ರದ ಮಣಿಗಳನ್ನು ಸರಿಸುತ್ತಿರುತ್ತದೆ. ತಾಯಿಗೆ ಅಕ್ಕೋರು ಕೊಟ್ಟ ಉತ್ತರ ಇದಕ್ಕೇ ಸರಿ. ಬಲವಂತವಾಗಿ ಕೈ ಕಟ್ಟಿಸಿದರೆ ಲೆಕ್ಕ ಕೆಡಬಹುದು. ಅಭ್ಯಾಸ ಮಾಗಿದಂತೆ ಬೆರಳಿನ ಚಲನೆ ತಾನೇ ಸಣ್ಣದಾಗುತ್ತದೆ.

ಮೈಕೆಲ್ ಫ್ರಾಂಕ್ ಮತ್ತು ಡೇವಿಡ್ ಬಾರ್ನರ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಗುಜರಾತಿನ ಅಬ್ಯಾಕಸ್ ಮಕ್ಕಳನ್ನು ಪರೀಕ್ಷಿಸಿ 2012ರಲ್ಲಿ ಪ್ರಬಂಧ ಪ್ರಕಟಿಸಿದರು. ಮಕ್ಕಳು ಸಂಖ್ಯೆಯನ್ನು ಮಾತಾಗಿ ನೆನಪಿಡುವುದಿಲ್ಲ, ಕಡ್ಡಿಗಳ ಚಿತ್ರವಾಗಿ ಹಿಡಿದಿಡುತ್ತಾರೆ ಎಂಬುದು ಅವರಿಗೆ ಕಂಡ ಸಂಗತಿ. ಆ ಚಿತ್ರಕ್ಕೆ ಮಿತಿಯೂ ಇದೆ. ಮೂರು ನಾಲ್ಕು ಕಡ್ಡಿ ದಾಟಿದರೆ ಮನಸ್ಸಿನಲ್ಲಿ ನಿಲ್ಲುವುದು ಕಷ್ಟ. ನಾಲ್ಕು ಅಂಕಿಯ ಹತ್ತು ಸಂಖ್ಯೆಗಳನ್ನು ಸರಸರ ಕೂಡಿಸುವ ಮಗು ಎಂಟು ಅಂಕಿಯ ಎರಡೇ ಸಂಖ್ಯೆಗೆ ತಡವರಿಸಿದರೆ ಅದು ಸೋಮಾರಿತನವಲ್ಲ, ಕಣ್ಣಿನ ನೆನಪಿಗೆ ಇರುವ ಅಳತೆ.

ನಮ್ಮ ಭಾಗದ ಮಕ್ಕಳಿಗೆ ಇಲ್ಲಿ ಒಂದು ಅನುಕೂಲ ಇದೆ, ಅದನ್ನು ನಾವು ಬಳಸುತ್ತಿಲ್ಲ. ಮೂವತ್ತೇಳು ಎಂದಾಗ ಮೂವತ್ತು ಮೊದಲು ಕೇಳಿಸುತ್ತದೆ, ಏಳು ಆಮೇಲೆ. ಹದಿನಾಲ್ಕರಲ್ಲೂ ಹತ್ತು ಮುಂದೆ. ಕಿವಿಗೆ ಬಿದ್ದ ಕ್ರಮದಲ್ಲೇ ಬೆರಳು ಎಡದಿಂದ ಬಲಕ್ಕೆ ಹೋಗಬಹುದು. ಮರಾಠಿಯ ಸದತೀಸ, ಹಿಂದಿಯ ಸೈಂತೀಸ್, ಇಂಗ್ಲಿಷಿನ ಫೋರ್ಟೀನ್ ಬಿಡಿಯನ್ನು ಮೊದಲು ಹೇಳುತ್ತವೆ, ಮಗು ತಿರುಗಿಸಿಕೊಳ್ಳಬೇಕು. ಆದರೂ ಕಂಪನಿಯ ಪುಸ್ತಕ ಇಂಗ್ಲಿಷಿನಲ್ಲಿದೆ ಎಂಬ ಕಾರಣಕ್ಕೆ ಕನ್ನಡ ಶಾಲೆಯ ಎರಡನೆಯ ಇಯತ್ತೆಯ ಕೂಸಿಗೂ "ಫೋರ್ಟೀನ್, ಲೆಸ್ ಸಿಕ್ಸ್" ಎಂದು ಓದುವುದು ನಡೆದಿದೆ. ಮಗು ಮೊದಲು ಭಾಷೆ ಬಿಡಿಸಬೇಕು, ಆಮೇಲೆ ಲೆಕ್ಕ. ಎಣಿಕೆ ಯಾವ ಭಾಷೆಯಲ್ಲಿ ಗಟ್ಟಿಯಾಗಿದೆಯೋ ಅದರಲ್ಲೇ ಓದಿಸಿ, ಇಂಗ್ಲಿಷ್ ಬೇಕಿದ್ದರೆ ಆರು ತಿಂಗಳ ಮೇಲೆ ತನ್ನಿ.

ವಡೋದರಾದ ಮೂರು ವರ್ಷ

"ಬುದ್ಧಿ ಚುರುಕಾಗುತ್ತದೆ, ಏಕಾಗ್ರತೆ ಹೆಚ್ಚುತ್ತದೆ, ನೆನಪಿನ ಶಕ್ತಿ ಬೆಳೆಯುತ್ತದೆ." ಕರಪತ್ರದ ಈ ಮಾತನ್ನು ಪರೀಕ್ಷಿಸಿ ನೋಡಿದ್ದು ನಮ್ಮ ದೇಶದಲ್ಲೇ, ವಡೋದರಾದ ಒಂದು ಶಾಲೆಯಲ್ಲಿ. 204 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಅಬ್ಯಾಕಸ್, ಇನ್ನೊಂದಕ್ಕೆ ಅಷ್ಟೇ ಹೊತ್ತು ಮಾಮೂಲಿ ಗಣಿತದ ಹೆಚ್ಚುವರಿ ಪಾಠ. ಮೂರು ವರ್ಷ ಅವರನ್ನು ಗಮನಿಸಿ ಬಾರ್ನರ್, ಫ್ರಾಂಕ್ ಮತ್ತು ಸಂಗಡಿಗರು 2016ರಲ್ಲಿ ಫಲಿತಾಂಶ ಪ್ರಕಟಿಸಿದರು.

ಅಂಕಗಣಿತದಲ್ಲಿ ಅಬ್ಯಾಕಸ್ ಮಕ್ಕಳು ನಿಜವಾಗಿ ಮುಂದೆ ಬಂದಿದ್ದರು. ಆದರೆ ನೆನಪು, ಗಮನದಂಥ ಸಾಮಾನ್ಯ ಬುದ್ಧಿಶಕ್ತಿಗಳಲ್ಲಿ ಅಬ್ಯಾಕಸ್ಸಿನಿಂದ ಬದಲಾವಣೆ ಆಯಿತೆಂಬುದಕ್ಕೆ ಪುರಾವೆ ಸಿಗಲಿಲ್ಲ. ಮೊದಲೇ ಕಣ್ಣಿನ ನೆನಪು ಚೆನ್ನಾಗಿದ್ದ ಮಕ್ಕಳಿಗೆ ಲಾಭ ಹೆಚ್ಚು ಸಿಕ್ಕಿತ್ತು. ಅಂದರೆ ಅಬ್ಯಾಕಸ್ ಒಂದು ವಿದ್ಯೆ. ಕಲಿತವರಿಗೆ ಆ ವಿದ್ಯೆ ಬರುತ್ತದೆ, ಅದರಿಂದ ಮೆದುಳೇ ಬೇರೆ ಆಗುವುದಿಲ್ಲ. ಪಾಲಕರು ಕೊಡುವ ದುಡ್ಡಿಗೆ ಇಷ್ಟು ಸಾಕು ಎಂದು ನನಗೆ ಅನ್ನಿಸುತ್ತದೆ. ಇಲ್ಲದ್ದನ್ನು ಸೇರಿಸಿ ಮಾರುವುದು ಬೇಡ.

ವೇಗದ ವಿಷಯದಲ್ಲಿ ಅನುಮಾನ ಇದ್ದವರಿಗೆ 1946ರ ನವೆಂಬರ್ 12ರ ಟೋಕಿಯೊ ಸ್ಪರ್ಧೆಯ ಕಥೆ ಇದೆ. ಅಮೆರಿಕದ ಸೈನಿಕ ಥಾಮಸ್ ವುಡ್ ವಿದ್ಯುತ್ ಲೆಕ್ಕಯಂತ್ರ ಹಿಡಿದು, ಕಿಯೋಶಿ ಮಾತ್ಸುಝಾಕಿ ಸೊರೊಬಾನ್ ಹಿಡಿದು ಕುಳಿತರು. ನಾಲ್ಕಕ್ಕೆ ಒಂದರಂತೆ ಮಣಿ ಗೆದ್ದಿತು. ಯಂತ್ರ ಗೆದ್ದ ಆ ಒಂದು ಸುತ್ತು ಗುಣಾಕಾರದ್ದು.

ಪಡಸಾಲೆಯ ಜಮಾಖರ್ಚು

ಮಲೇಷ್ಯಾದಲ್ಲಿ 1993ರಲ್ಲಿ ಶುರುವಾದ ಯುಸಿಮಾಸ್ 1999ರಲ್ಲಿ ಭಾರತಕ್ಕೆ ಬಂತು. ಅದರ ಹಿಂದೆಯೇ ಹಲವು ಕಂಪನಿಗಳು ಬಂದವು. ಇವುಗಳ ಪದ್ಧತಿ ಫ್ರಾಂಚೈಸಿ. ಊರಿನ ಒಬ್ಬರು ದುಡ್ಡು ಕಟ್ಟಿ ತರಬೇತಿ ಪಡೆದು, ಕಂಪನಿಯ ಹೆಸರಿನಲ್ಲಿ ಕ್ಲಾಸು ನಡೆಸುತ್ತಾರೆ. ಚೌಕಟ್ಟು, ಪುಸ್ತಕ, ಚೀಲ, ಪರೀಕ್ಷೆ ಕಂಪನಿಯಿಂದ. ಪ್ರತಿ ಮಗುವಿನ ಫೀಸಿನಲ್ಲಿ ಕಂಪನಿಗೆ ಪಾಲು.

ಒಂದು ಅಂದಾಜಿನ ಲೆಕ್ಕ ಹಾಕೋಣ. ಎರಡು ಬ್ಯಾಚು ಸೇರಿ 15 ಮಕ್ಕಳು, ತಿಂಗಳಿಗೆ 500 ರೂಪಾಯಿ ಫೀಸು ಎಂದು ಹಿಡಿಯಿರಿ. ಬಂದದ್ದು 7,500. ಕಂಪನಿಯ ಪಾಲು ನೂರಕ್ಕೆ ಮೂವತ್ತು ಎಂದುಕೊಂಡರೆ 2,250 ಹೋಗಿ 5,250 ಉಳಿಯಿತು. ಸ್ವಂತ ಮನೆ, ಬಾಡಿಗೆ ಇಲ್ಲ. ವಾರಕ್ಕೆ ನಾಲ್ಕು ತಾಸು ಪಾಠ, ಅದರ ಮೇಲೆ ಪುಸ್ತಕ ತಿದ್ದುವ ಕೆಲಸ. ಬಿ.ಎಡ್. ಮಾಡಿ ಮನೆಯಲ್ಲಿರುವ ಹೆಣ್ಣುಮಗಳಿಗೆ ಇದು ಸಣ್ಣ ದುಡ್ಡಲ್ಲ. ಆದರೆ ಐದು ಮಕ್ಕಳು ಬಿಟ್ಟರೆ ಕೈಗೆ ಉಳಿಯುವುದು 3,500. ಮೊದಲು ಕಟ್ಟಿದ ದುಡ್ಡು ತಿರುಗಿ ಬರುವುದು ಆಗ ದೂರದ ಮಾತು.

ಮಕ್ಕಳು ಬಿಡುವುದಕ್ಕೆ ಕಾಲ ಉಂಟು. ಏಪ್ರಿಲ್-ಮೇ ರಜೆಯಲ್ಲಿ ಸೇರುತ್ತಾರೆ, ಜೂನಿನಲ್ಲಿ ಶಾಲೆ ಶುರುವಾದಾಗ ಕೆಲವರು ಕಳಚಿಕೊಳ್ಳುತ್ತಾರೆ. ದಸರೆ, ದೀಪಾವಳಿ, ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ, ಸುಗ್ಗಿ ಎಂದು ಎರಡೆರಡು ವಾರ ತಪ್ಪುತ್ತದೆ. ಕಂಪನಿಯ ಲೆವೆಲ್ಲಿಗೆ ಇಷ್ಟು ತಿಂಗಳು ಎಂಬ ಗಡುವು ಇರುತ್ತದೆ. ಸಣ್ಣ ಗೆಳೆಯರು ಗಟ್ಟಿಯಾಗದ ಮಗುವನ್ನು ಗಡುವು ಮುಗಿಯಿತೆಂದು ದೊಡ್ಡ ಗೆಳೆಯರಿಗೆ ದಾಟಿಸಿದರೆ ಕೂಡು-ಸೂತ್ರದಲ್ಲಿ ಅದು ನಿಂತೇಬಿಡುತ್ತದೆ. ಹಬ್ಬದ ವಾರಗಳನ್ನು ಬಿಟ್ಟು ಲೆವೆಲ್ಲನ್ನು ಒಂದು ತಿಂಗಳು ಉದ್ದ ಮಾಡುವ ಅಕ್ಕೋರಿಗೆ ಮಕ್ಕಳು ಉಳಿಯುವ ಸಂಭವ ಹೆಚ್ಚು.

ಫ್ರಾಂಚೈಸಿ ಇಲ್ಲದೆ ನಡೆಸಬಹುದೇ? ಸೊರೊಬಾನ್ ಯಾವ ಕಂಪನಿಯ ಸ್ವತ್ತೂ ಅಲ್ಲ. ಕಂಪನಿಯದು ಹೆಸರು, ಪುಸ್ತಕ, ಸರ್ಟಿಫಿಕೇಟು. ಇವುಗಳಲ್ಲಿ ನಿಜವಾದ ಬೆಲೆ ಪುಸ್ತಕಕ್ಕೆ, ಅದರ ಲೆಕ್ಕಗಳ ಕ್ರಮಕ್ಕೆ. ಇನ್ನೂ ಕಲಿಸದ ಸೂತ್ರ ಬೇಕಾಗುವ ಒಂದು ಲೆಕ್ಕವೂ ಪುಟದಲ್ಲಿ ನುಸುಳಬಾರದು. ಮೊದಲ ವಾರಗಳಲ್ಲಿ "1, 2 ಕೂಡಿಸು, 5 ಕೂಡಿಸು, 3 ಕಳೆ" ನಡೆಯುತ್ತದೆ, ಮಣಿ ನೇರವಾಗಿ ಸರಿಯುತ್ತವೆ. "3ಕ್ಕೆ 2 ಕೂಡಿಸು" ಅಷ್ಟೇ ಸಣ್ಣ ಲೆಕ್ಕವಾದರೂ ಆಗ ಕೊಡುವಂತಿಲ್ಲ, ಅದಕ್ಕೆ ಸಣ್ಣ ಗೆಳೆಯರು ಬೇಕು. ಕೊಟ್ಟರೆ ಮಗು ಬೆರಳು ಎಣಿಸಿ ಉತ್ತರ ಹೇಳುತ್ತದೆ, ಮಣಿ ಬಿಟ್ಟುಬಿಡುತ್ತದೆ. ತಾಳ್ಮೆಯಿಂದ ಇಂಥ ಲೆಕ್ಕದ ಪುಟಗಳನ್ನು ತಾನೇ ಹೆಣೆಯಬಲ್ಲ ಅಕ್ಕೋರಿಗೆ ಕಂಪನಿ ಅನಿವಾರ್ಯವಲ್ಲ.

ಶಾಲೆಯ ಪಾಟಿಯ ಮೇಲೆ

ಇನ್ನೊಂದು ತಕರಾರು ಶಾಲೆಯಿಂದ ಬರುತ್ತದೆ. ಮಗು ಉತ್ತರ ಮಾತ್ರ ಬರೆದು ಕುಳಿತಿರುತ್ತದೆ, ದಶಕ ಎಲ್ಲಿ, ರೀತಿ ಎಲ್ಲಿ ಎಂದು ಮಾಸ್ತರರು ಅಂಕ ಕಡಿಯುತ್ತಾರೆ. ಮಾಸ್ತರರದು ತಪ್ಪಲ್ಲ. ಬಲದಿಂದ ಎಡಕ್ಕೆ ಬರೆದು ಮಾಡುವ ರೀತಿ ಮುಂದೆ ದಶಮಾಂಶಕ್ಕೆ, ಭಾಗಾಕಾರಕ್ಕೆ, ಬೀಜಗಣಿತಕ್ಕೆ ಬೇಕೇ ಬೇಕು. ಎರಡೂ ರೀತಿ ಬೇರೆ ಬೇರೆ ಎಂದು ಮಗುವಿಗೆ ತಿಳಿಸಿ, ಶಾಲೆಯಲ್ಲಿ ಶಾಲೆಯ ರೀತಿ ಬರೆ, ಉತ್ತರ ಸರಿಯೋ ಎಂದು ಬೆರಳಲ್ಲಿ ನೋಡಿಕೋ ಎಂದರೆ ಜಗಳ ತೀರುತ್ತದೆ.

ಪದ ಲೆಕ್ಕಗಳಿಗೆ ಅಬ್ಯಾಕಸ್ ನೇರವಾಗಿ ನೆರವಾಗುವುದಿಲ್ಲ. "ಒಂದು ಚೀಲ ಶೇಂಗಾದ ತೂಕ ಇಷ್ಟು, ಹನ್ನೆರಡು ಚೀಲದ್ದೆಷ್ಟು, ಹಮಾಲಿ ಕಳೆದರೆ ಉಳಿದದ್ದೆಷ್ಟು" ಎಂದು ಕೇಳಿದಾಗ ಕೂಡಬೇಕೋ ಗುಣಿಸಬೇಕೋ ಎಂಬುದನ್ನು ಮಗುವೇ ನಿರ್ಧರಿಸಬೇಕು. ಅದಾದ ಮೇಲಷ್ಟೇ ಮಣಿಯ ಕೆಲಸ. ಲೆವೆಲ್ಲು ದಾಟಿದ ಮಗು ಇಂಥ ಲೆಕ್ಕಕ್ಕೆ ಸುಮ್ಮನೆ ಕುಳಿತರೆ ಪಾಲಕರು ಕ್ಲಾಸಿನ ಮೇಲೆ ಸಿಟ್ಟಾಗುತ್ತಾರೆ. ಆ ಪಾಠ ಅಲ್ಲಿ ಇರಲೇ ಇಲ್ಲ.

ಮುಂದಿನ ಲೆವೆಲ್ಲಿಗೆ ದುಡ್ಡು ಕಟ್ಟುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಪುಸ್ತಕದಲ್ಲಿ ಇಲ್ಲದ, ನೀವೇ ಬರೆದ ಐದು ಲೆಕ್ಕ ಕೊಡಿ, ಮಗುವಿನ ಬೆರಳನ್ನು ನೋಡಿ. ಎರಡೇ ಬೆರಳು ಎಡದಿಂದ ಬಲಕ್ಕೆ ಸರಿದರೆ ವಿದ್ಯೆ ಒಳಗೆ ಇಳಿದಿದೆ. ಬೆರಳುಗಳನ್ನು ಒಂದೊಂದಾಗಿ ಮಡಚಿ ಎಣಿಸುತ್ತಿದ್ದರೆ, ಅಥವಾ ತುಟಿ ಅಲುಗಿಸಿ "ನಲವತ್ತೆಂಟು, ನಲವತ್ತೊಂಬತ್ತು, ಐವತ್ತು" ಎನ್ನುತ್ತಿದ್ದರೆ, ಸರ್ಟಿಫಿಕೇಟಿನಲ್ಲಿ ಯಾವ ಲೆವೆಲ್ ಬರೆದಿದ್ದರೂ ಮಗು ಇನ್ನೂ ಸಣ್ಣ ಗೆಳೆಯರ ಹತ್ತಿರವೇ ಇದೆ. ಹೊಸ ಪುಸ್ತಕ ಕೊಳ್ಳಬೇಡಿ, ಅದೇ ಲೆವೆಲ್ಲನ್ನು ಇನ್ನೊಮ್ಮೆ ಮಾಡಿಸಿರಿ ಎಂದು ಅಕ್ಕೋರಿಗೆ ಕೇಳಿ.